ಮನೆ ಖಾಲಿ ಮಾಡಿದ ಮೇಲೂ ಹಳೆ ಮನೆ ಬಿಲ್ ನಿಮ್ಮ ಖಾತೆಯಿಂದ ಹೋಗದಿರಲು

ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಖಾತೆಯಿಂದ 1,870 ರೂಪಾಯಿ ಹೋದ ಮೆಸೇಜ್ ಬಂತು. ಕರೆಂಟ್ ಬಿಲ್. ಹೊಸ ಮನೆ ಬಿಲ್ ಆಗಲೇ ಕಟ್ಟಿಯಾಗಿತ್ತು. ಇದು ಯಾವುದು ಅಂತ ನೋಡಿದರೆ ಹಳೆ ಮನೆಯದು. ಅಲ್ಲಿಗೆ ಬಂದವರು ಬೇಸಿಗೆಗೆ ಎಸಿ ಹಾಕಿಸಿಕೊಂಡಿದ್ದರು. ಅವರ ಎಸಿಗೆ ನಾನು ದುಡ್ಡು ಕಟ್ಟಿದ್ದೆ.

ತಪ್ಪು ನನ್ನದೇ. ನಾನಿದ್ದಾಗ ಆ ಮನೆಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿತ್ತು. ಅದಕ್ಕೂ ಮುಂಚೆ ಫೋನಿನಲ್ಲಿ ಹಾಕಿಟ್ಟಿದ್ದ ಆಟೋಪೇ ತಿಂಗಳುಗಟ್ಟಲೆ ಸುಮ್ನೆ ಕೂತಿತ್ತು. ದುಡ್ಡು ಹೋಗುತ್ತಿಲ್ಲ ಅಂದಮೇಲೆ ನೆನಪಾದರೂ ಹೇಗೆ ಆಗಬೇಕು? ಹೊಸಬರ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬಂತು, ಆಟೋಪೇ ತನ್ನ ಕೆಲಸ ಮಾಡಿತು.

ಆವತ್ತು ಒಂದು ವಿಷಯ ಗೊತ್ತಾಯಿತು. ಕರೆಂಟ್ ಬಿಲ್‌ನಲ್ಲಿರುವ ಗ್ರಾಹಕ ಸಂಖ್ಯೆ, ಅಂದರೆ ಆರ್‌ಆರ್ ನಂಬರ್, ಇರುವುದು ಮನೆಗೆ. ಆಟೋಪೇ ಇರುವುದು ನಮ್ಮ ಖಾತೆಗೆ. ನಾವು ಲಾರಿಗೆ ಸಾಮಾನು ತುಂಬಿಕೊಂಡು ಹೋದರೂ ಇವೆರಡರ ನಂಟು ತಾನಾಗಿ ಬಿಡುವುದಿಲ್ಲ. ಓನರ್‌ಗೆ ಹೇಳಿದರೂ ಬಿಡುವುದಿಲ್ಲ, ಬೆಸ್ಕಾಂಗೆ ಹೇಳಿದರೂ ಬಿಡುವುದಿಲ್ಲ. ಅದನ್ನು ಎಲ್ಲಿ ಕಟ್ಟಿದ್ದೆವೋ ಅಲ್ಲೇ ಹೋಗಿ ಬಿಚ್ಚಬೇಕು. ಅದಾದ ಮೇಲೆ ಮೂರು ಸಲ ಮನೆ ಬದಲಾಯಿಸಿದ್ದೇನೆ. ಈಗ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬಾಡಿಗೆ ಮನೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು, ಉದಾಹರಣೆ ಬೆಂಗಳೂರಿನದು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಬೆಸ್ಕಾಂ ಜಾಗದಲ್ಲಿ ಅಲ್ಲಿನ ಕಂಪನಿಯ ಹೆಸರು ಹಾಕಿಕೊಳ್ಳಿ.

ಒಂದು ತಿಂಗಳು ಮುಂಚೆ: ಆಟೋಪೇ ಎಲ್ಲೆಲ್ಲಿದೆ ಅಂತ ಹುಡುಕಿ

ನೆನಪಿನಿಂದ ಪಟ್ಟಿ ಮಾಡಲು ಹೋಗಬೇಡಿ. ಬ್ಯಾಂಕಿನ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ, ಕ್ರೆಡಿಟ್ ಕಾರ್ಡ್ ಇದ್ದರೆ ಅದರದ್ದೂ ತೆಗೆಯಿರಿ. ಇಂಟರ್ನೆಟ್‌ಗೆ ಆರು ತಿಂಗಳ ಪ್ಲಾನ್ ಹಾಕಿಸಿಕೊಂಡಿದ್ದರೆ ಆರು ತಿಂಗಳ ಸ್ಟೇಟ್‌ಮೆಂಟ್ ಬೇಕು, ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಮನೆಗೆ ಸಂಬಂಧಪಟ್ಟ ಪ್ರತಿ ಸಾಲಿನ ಪಕ್ಕ, ಈ ದುಡ್ಡು ಯಾವ ದಾರಿಯಿಂದ ಹೋಯಿತು ಅಂತ ಬರೆದುಕೊಳ್ಳಿ. ದಾರಿಗಳು ಮೂರೇ.

ಮೊದಲನೆಯದು ಫೋನಿನ ಪೇಮೆಂಟ್ ಆ್ಯಪ್. ನೀವು ಅದಕ್ಕೆ ಆರ್‌ಆರ್ ನಂಬರನ್ನೋ ಅಕೌಂಟ್ ಐಡಿಯನ್ನೋ ಕೊಟ್ಟಿರುತ್ತೀರಿ. ಬಿಲ್ ಬಂದಾಗ ಆ್ಯಪ್ ತಾನೇ ತಂದು ಯುಪಿಐನಿಂದ ಕಟ್ಟುತ್ತದೆ. ಇದು ಇರುವುದು ಆ್ಯಪ್‌ನ AutoPay ಪುಟದಲ್ಲಿ, ಸಾಮಾನ್ಯವಾಗಿ ಪ್ರೊಫೈಲ್ ಚಿತ್ರ ಒತ್ತಿದರೆ ಸಿಗುತ್ತದೆ.

ಎರಡನೆಯದು ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲೇ ನೀವು ಕಾರ್ಡ್ ಅಥವಾ ಯುಪಿಐ ಕೊಟ್ಟು ಹಾಕಿದ್ದು. ಇಂಟರ್ನೆಟ್ ಮತ್ತು ಪೈಪ್ ಗ್ಯಾಸ್ ಬಹಳ ಸಲ ಈ ದಾರಿಯಲ್ಲೇ ಇರುತ್ತವೆ. ಯುಪಿಐ ಕೊಟ್ಟಿದ್ದರೆ ಅದು ನಿಮ್ಮ ಯುಪಿಐ ಆ್ಯಪ್‌ನಲ್ಲೂ ಕಾಣುತ್ತದೆ. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಕಾರ್ಡ್ ಸೇವೆಗಳ ಪುಟದಲ್ಲಿ ಹುಡುಕಬೇಕು.

ಮೂರನೆಯದು ಬ್ಯಾಂಕಿನದೇ. ನೆಟ್‌ಬ್ಯಾಂಕಿಂಗ್‌ನಲ್ಲಿ ಹಾಕಿದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಥವಾ ಎನ್‌ಎಸಿಎಚ್ ಮ್ಯಾಂಡೇಟ್. ಮ್ಯಾಂಡೇಟ್ ಅಂದರೆ ಖಾತೆಯಿಂದ ತಾನಾಗಿ ದುಡ್ಡು ತೆಗೆಯಲು ನೀವು ಕೊಟ್ಟ ಅನುಮತಿ. ಸ್ಟೇಟ್‌ಮೆಂಟ್‌ನಲ್ಲಿ ACH ಅಂತ ಶುರುವಾಗುವ ಸಾಲು ಇದ್ದರೆ ಇದೇ. ಓನರ್‌ಗೆ ಪ್ರತಿ ತಿಂಗಳು 5ಕ್ಕೆ ಬಾಡಿಗೆ ಹೋಗುವಂತೆ ಹಾಕಿರುತ್ತೀರಲ್ಲ, ಅದೂ ಇಲ್ಲೇ ಇರುತ್ತದೆ. ಅದನ್ನೂ ಪಟ್ಟಿಗೆ ಸೇರಿಸಿ. ಬಿಲ್ ನೋಡುವ ಗಲಾಟೆಯಲ್ಲಿ ಬಾಡಿಗೆಯನ್ನೇ ಮರೆತವರನ್ನು ನೋಡಿದ್ದೇನೆ.

ಇಷ್ಟಾದ ಮೇಲೆ ಮನೆಯಲ್ಲಿರುವ ಬೇರೆಯವರ ಫೋನನ್ನೂ ನೋಡಿ. ಒಂದೇ ಆರ್‌ಆರ್ ನಂಬರ್ ಗಂಡನ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಇರುವುದು ಅಪರೂಪವೇನಲ್ಲ. ಯಾರ ಫೋನ್ ಮೊದಲು ಬಿಲ್ ತರುತ್ತದೋ ಅದು ಕಟ್ಟುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಒಂದನ್ನು ನಿಲ್ಲಿಸಿದರೆ ಮುಂದಿನ ತಿಂಗಳು ಸುಮ್ಮನಿದ್ದದ್ದು ಕಟ್ಟುತ್ತದೆ.

ನಿಲ್ಲಿಸುವುದು ಯಾವಾಗ?

ಜನ ಎಡವುವುದು ಇಲ್ಲೇ. ಕೆಲವರು ಕೊನೆ ಬಿಲ್ಲೂ ಆಟೋಪೇಯಲ್ಲೇ ಹೋಗಲಿ, ಆಮೇಲೆ ನಿಲ್ಲಿಸೋಣ ಅಂದುಕೊಳ್ಳುತ್ತಾರೆ. ಆದರೆ ಕೊನೆ ಬಿಲ್ ಬರುವ ಹೊತ್ತಿಗೆ ನೀವು ಆ ಮನೆಯಲ್ಲಿ ಇರುವುದಿಲ್ಲ, ಆ ಬಿಲ್‌ನಲ್ಲಿ ಹೊಸಬರ ದಿನಗಳೂ ಸೇರಿರುತ್ತವೆ. ಇನ್ನು ಕೆಲವರು ಕೊನೆ ಬಿಲ್ ಕೈಯಾರೆ ಕಟ್ಟುತ್ತಾರೆ, ಆಟೋಪೇ ನಿಲ್ಲಿಸುವುದನ್ನು ಮರೆಯುತ್ತಾರೆ, ಎರಡು ಸಲ ದುಡ್ಡು ಹೋಗುವುದೂ ಉಂಟು. ಹೀಗೆ ಜಾಸ್ತಿ ಕಟ್ಟಿದ ದುಡ್ಡು ನಿಮಗೆ ವಾಪಸ್ ಬರುವುದಿಲ್ಲ. ಆ ಆರ್‌ಆರ್ ನಂಬರ್‌ನ ಲೆಕ್ಕದಲ್ಲೇ ಜಮೆಯಾಗಿ ಮುಂದಿನ ಬಿಲ್‌ನಲ್ಲಿ ಕಳೆಯುತ್ತದೆ. ಮುಂದಿನ ಬಿಲ್ ಯಾರದು? ಹೊಸದಾಗಿ ಬಂದವರದು.

ಸರಿಯಾದ ಹೊತ್ತು ಅಂದರೆ, ನೀವು ಪೂರ್ತಿಯಾಗಿ ಬಳಸಿದ ಕೊನೆ ತಿಂಗಳ ಬಿಲ್ ಆಟೋಪೇಯಲ್ಲಿ ಹೋಗಿ, ರಸೀದಿ ಬಂದ ಮರುದಿನ. ಅಲ್ಲಿಂದ ಮುಂದಿನದ್ದು ಅರ್ಧಂಬರ್ಧ ತಿಂಗಳ ಲೆಕ್ಕ, ಅದನ್ನು ಕೈಯಾರೆ ಮಾಡಿ.

ನಿಲ್ಲಿಸುವಾಗ ಎರಡು ಆಯ್ಕೆ ಕಾಣಬಹುದು: Pause ಮತ್ತು Cancel ಅಥವಾ Revoke. Pause ಬೇಡ. ಅದು ಸ್ವಲ್ಪ ದಿನದ ಮಟ್ಟಿಗೆ ಮಾತ್ರ. Revoke ಒತ್ತಿ, ಯುಪಿಐ ಪಿನ್ ಹಾಕಿ, ಸ್ಥಿತಿ Revoked ಅಥವಾ Cancelled ಅಂತ ಬದಲಾದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ್ಯಪ್ ಡಿಲೀಟ್ ಮಾಡಿದರೆ ಆಟೋಪೇ ಹೋಗುವುದಿಲ್ಲ. ಮ್ಯಾಂಡೇಟ್ ಇರುವುದು ನಿಮ್ಮ ಬ್ಯಾಂಕ್ ಖಾತೆಯ ಮೇಲೆ, ಆ್ಯಪ್ ಬರೀ ಕಿಟಕಿ. ಹೊಸ ಫೋನ್ ತೆಗೆದುಕೊಂಡು ಬೇರೆ ಆ್ಯಪ್ ಹಾಕಿಕೊಂಡವರಿಗೆ ಇದು ಗೊತ್ತಾಗುವುದೇ ಇಲ್ಲ.

ಬ್ಯಾಂಕಿನಿಂದ ಒಂದು ಎಚ್ಚರಿಕೆ ಅಂತೂ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡ್ ಅಥವಾ ಯುಪಿಐ ಆಟೋಪೇಯಲ್ಲಿ ದುಡ್ಡು ಹೋಗುವ 24 ಗಂಟೆ ಮುಂಚೆ ತಿಳಿಸಬೇಕು. ಆದರೆ 15,000 ರೂಪಾಯಿ ತನಕ ಮತ್ತೆ ಒಟಿಪಿಯನ್ನೋ ಪಿನ್ನನ್ನೋ ಕೇಳಬೇಕಾಗಿಲ್ಲ. ಮನೆ ಬಿಲ್ ಅಷ್ಟು ದೊಡ್ಡದಿರುವುದು ಕಡಿಮೆ. ಹಾಗಾಗಿ ಆ ಮೆಸೇಜ್ ನೋಡದಿದ್ದರೆ ದುಡ್ಡು ಹೋಯಿತು ಅಂತಲೇ. ನನಗೂ ಅದು ಬಂದಿತ್ತು. ಸಾಲದ ಜಾಹೀರಾತಿನ ಮೆಸೇಜ್‌ಗಳ ಮಧ್ಯೆ ಕಣ್ಣಿಗೆ ಬೀಳಲಿಲ್ಲ.

ಕರೆಂಟ್: ಮೀಟರ್ ಮುಂದೆ ಎರಡು ನಿಮಿಷ

ಬಾಡಿಗೆ ಮನೆಯಲ್ಲಿ ಕನೆಕ್ಷನ್ ಓನರ್ ಹೆಸರಿನಲ್ಲಿರುತ್ತದೆ. ನೀವು ಅದನ್ನು ಮುಚ್ಚಿಸುವಂತಿಲ್ಲ, ಮುಚ್ಚಿಸುವ ಅಗತ್ಯವೂ ಇಲ್ಲ. ಮಾಡಬೇಕಾದದ್ದು ನಿಮ್ಮ ದಿನಗಳ ಲೆಕ್ಕ ಮಾತ್ರ. ಅದಕ್ಕೆ ಮನೆ ಬಿಡುವ ದಿನದ ರೀಡಿಂಗ್ ಬೇಕು.

ಕೆಳಗಡೆ ಮೀಟರ್ ಬೋರ್ಡ್‌ನಲ್ಲಿ ನಾಲ್ಕೈದು ಮೀಟರ್ ಇರುತ್ತವೆ. ನಿಮ್ಮದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬಿಲ್‌ನಲ್ಲಿರುವ ಮೀಟರ್ ನಂಬರ್ ಮತ್ತು ಮೀಟರ್ ಮೇಲೆ ಅಚ್ಚಾಗಿರುವ ನಂಬರ್ ಒಂದೇ ಇರಬೇಕು. ಅನುಮಾನ ಇದ್ದರೆ ಮನೆಯ ಮೇನ್ ಆಫ್ ಮಾಡಿ. ಮಿನುಗುತ್ತಿದ್ದ ಕೆಂಪು ದೀಪ ಯಾವ ಮೀಟರ್‌ನಲ್ಲಿ ಮಿನುಗುವುದು ನಿಲ್ಲಿಸುತ್ತದೋ ಅದು ನಿಮ್ಮದು.

ಈಗ ಫೋಟೋ. ಇಲ್ಲೊಂದು ತಮಾಷೆ ಇದೆ. ಎಲೆಕ್ಟ್ರಾನಿಕ್ ಮೀಟರ್‌ನ ಪರದೆ ಒಂದೇ ಅಂಕಿಯನ್ನು ಹಿಡಿದು ನಿಲ್ಲುವುದಿಲ್ಲ. ದಿನಾಂಕ, ಸಮಯ, ವೋಲ್ಟೇಜ್, ಗರಿಷ್ಠ ಬೇಡಿಕೆ ಅಂತ ಒಂದಾದ ಮೇಲೊಂದು ತೋರಿಸುತ್ತಾ ಹೋಗುತ್ತದೆ. ಅವಸರದಲ್ಲಿ ಫೋಟೋ ತೆಗೆದರೆ ಗಂಟೆ ನಿಮಿಷದ ಫೋಟೋ ಬಂದಿರುತ್ತದೆ. ಅಂಕಿಯ ಪಕ್ಕ kWh ಅಂತ ಕಾಣುವ ತನಕ ಕಾಯಿರಿ. ಆ ಅಂಕಿ ಹಿಂದಿನ ಬಿಲ್‌ನಲ್ಲಿರುವ ರೀಡಿಂಗ್‌ಗಿಂತ ಸ್ವಲ್ಪ ಜಾಸ್ತಿ ಇರಬೇಕು. ಇದ್ದರೆ ಸರಿಯಾದದ್ದೇ ಸಿಕ್ಕಿದೆ. ಫೋಟೋದಲ್ಲಿ ಮೀಟರ್ ನಂಬರ್ರೂ ಬರಲಿ.

ಒಂದು ಲೆಕ್ಕ ಮಾಡಿ ನೋಡೋಣ. ಮೀಟರ್ ಓದುವವರು ಪ್ರತಿ ತಿಂಗಳು 3ರ ಆಸುಪಾಸಿನಲ್ಲಿ ಬರುತ್ತಾರೆ, ನೀವು 14ಕ್ಕೆ ಮನೆ ಬಿಡುತ್ತೀರಿ ಅನ್ನಿ. 3ರಂದು ಬಂದ ಬಿಲ್ 150 ಯೂನಿಟ್‌ಗೆ 1,340 ರೂಪಾಯಿ, ಅದರಲ್ಲಿ ನಿಗದಿತ ಶುಲ್ಕ 290. ಅದು ಆಟೋಪೇಯಲ್ಲಿ ಹೋಯಿತು, ಮರುದಿನ ಆಟೋಪೇ ನಿಲ್ಲಿಸಿದಿರಿ. 3ರ ಬಿಲ್‌ನಲ್ಲಿ ರೀಡಿಂಗ್ 6,330 ಇತ್ತು, ಮನೆ ಬಿಡುವ ದಿನ 6,387. ನೀವು ಬಳಸಿದ್ದು 57 ಯೂನಿಟ್.

ದರ ಎಷ್ಟು ಅಂತ ಆದೇಶ ಹುಡುಕುತ್ತಾ ಕೂರಬೇಡಿ, ನಿಮ್ಮ ಬಿಲ್ಲೇ ಹೇಳುತ್ತದೆ. 1,340ರಲ್ಲಿ 290 ಕಳೆಯಿರಿ, 1,050 ಉಳಿಯಿತು. 150ರಿಂದ ಭಾಗಿಸಿದರೆ ತೆರಿಗೆ, ಸರ್‌ಚಾರ್ಜ್ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ. 57 ಯೂನಿಟ್‌ಗೆ 399. ನಿಗದಿತ ಶುಲ್ಕದಲ್ಲಿ 30ಕ್ಕೆ 11 ದಿನದ ಪಾಲು ಸುಮಾರು 106. ಒಟ್ಟು 505 ರೂಪಾಯಿ. ಇದನ್ನು ಓನರ್‌ಗೆ ಕಳಿಸಿ, ಅಥವಾ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲು ಹೇಳಿ. ನಾನು ಹೀಗೆ ವಾಟ್ಸಾಪ್ ಹಾಕುತ್ತೇನೆ: "ಅಂಕಲ್, 14ನೇ ತಾರೀಕಿನ ಮೀಟರ್ ಫೋಟೋ ಕಳಿಸಿದ್ದೇನೆ. 6,387 ತನಕ ನಮ್ಮದು. 505 ರೂಪಾಯಿ ಕಳಿಸಿದ್ದೇನೆ, ಸರಿ ಇದೆಯಾ ನೋಡಿ." ಅವರ "ಓಕೆ" ಬಂದರೆ ಅದೇ ನಿಮ್ಮ ದಾಖಲೆ. "ಕೊನೆ ಬಿಲ್ ಬರಲಿ, ಆಮೇಲೆ ನೋಡೋಣ" ಅಂತ ಅಡ್ವಾನ್ಸ್‌ನಲ್ಲಿ ಎರಡು ಸಾವಿರ ಹಿಡಿದುಕೊಳ್ಳುವ ಮಾತು ಬಂದಾಗಲೂ ಈ ಲೆಕ್ಕ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಗೃಹಜ್ಯೋತಿ ಇರುವ ಮನೆಯಾದರೆ ಲೆಕ್ಕ ಬೇರೆ. ನಿಮ್ಮ 57 ಯೂನಿಟ್‌ಗೆ ಬಿಲ್ಲೇ ಇಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ಆದರೆ ಅದೇ ತಿಂಗಳು 15ಕ್ಕೆ ಬಂದವರು 150 ಯೂನಿಟ್ ಬಳಸಿದರೆ ಮೀಟರ್ ಲೆಕ್ಕದಲ್ಲಿ ಒಟ್ಟು 207 ಆಯಿತು. 200 ದಾಟಿದರೆ ದಾಟಿದ 7 ಯೂನಿಟ್‌ಗಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಹೊಸಬರು ಓನರ್ ಹತ್ತಿರ ಹೋಗುತ್ತಾರೆ, ಓನರ್ ನಿಮಗೆ ಫೋನ್ ಮಾಡುತ್ತಾರೆ. ಮೀಟರ್ ಫೋಟೋ ಇದ್ದರೆ ನಿಮ್ಮ ಪಾಲು ಎಷ್ಟು ಅಂತ ಆಗ ತೋರಿಸಬಹುದು.

ಇನ್ನೊಂದು ಕೆಲಸ ಮರೆಯುವಂತಿಲ್ಲ. ಗೃಹಜ್ಯೋತಿಗೆ ನಿಮ್ಮ ಆಧಾರ್ ಹಳೆ ಮನೆಯ ಸಂಪರ್ಕಕ್ಕೆ ಜೋಡಿಸಿರುತ್ತದೆ. ಅದನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಿದ ಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ಡಿ-ಲಿಂಕ್ ಮಾಡುವ ಮುಂಚೆ ಓನರ್‌ಗೊಂದು ಮಾತು ತಿಳಿಸಿ, ಹೊಸದಾಗಿ ಬರುವವರು ತಮ್ಮ ಆಧಾರ್ ಜೋಡಿಸಿಕೊಳ್ಳಬೇಕಾಗುತ್ತದೆ.

ಕೊನೆಯ ಬಿಲ್‌ನಲ್ಲಿ ಎಎಸ್‌ಡಿ ಅಂತ ಒಂದು ಮೊತ್ತ ಇದೆಯಾ ನೋಡಿ. ಅದು ಹೆಚ್ಚುವರಿ ಭದ್ರತಾ ಠೇವಣಿ, ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಉಳಿಯುವ ದುಡ್ಡು. ಆಟೋಪೇ ಇದನ್ನೂ ಬಿಲ್ ಜೊತೆಗೆ ಸದ್ದಿಲ್ಲದೆ ಕಟ್ಟಿಬಿಟ್ಟಿರಬಹುದು. ನೀವಿದ್ದಾಗ ಹೀಗೆ ಹೋಗಿದ್ದರೆ ಅಡ್ವಾನ್ಸ್ ಲೆಕ್ಕ ಮಾಡುವಾಗ ಕೇಳಿ ಪಡೆಯಿರಿ.

ನೀರು

ಇದು ಬೇಗ ಮುಗಿಯುತ್ತದೆ. ಬೆಂಗಳೂರಿನ ಹೆಚ್ಚಿನ ಬಾಡಿಗೆ ಮನೆಗಳಲ್ಲಿ ಜಲಮಂಡಳಿ ಮೀಟರ್ ಇಡೀ ಕಟ್ಟಡಕ್ಕೆ ಒಂದೇ. ನೀವು ಓನರ್‌ಗೆ ತಿಂಗಳಿಗಿಷ್ಟು ಅಂತ ಕೊಡುತ್ತೀರಿ, ಅಥವಾ ಅಪಾರ್ಟ್‌ಮೆಂಟ್ ಆದರೆ ಮೇಂಟೆನೆನ್ಸ್ ಜೊತೆ ಕೊಡುತ್ತೀರಿ. ನಿಲ್ಲಿಸಬೇಕಾದದ್ದು ಆ ಮೇಂಟೆನೆನ್ಸ್ ಆಟೋಪೇಯನ್ನು. ಟ್ಯಾಂಕರ್ ನೀರಿನ ಲೆಕ್ಕವನ್ನು ಕೆಲವು ಅಸೋಸಿಯೇಷನ್‌ಗಳು ತಿಂಗಳು ಮುಗಿದ ಮೇಲೆ ಹಂಚುತ್ತವೆ. ಹಾಗಿದ್ದರೆ ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳುವಾಗ ಅದೂ ಸೇರಿದೆಯಾ ಅಂತ ಕೇಳಿ. ಮನೆಗೇ ಬೇರೆ ನೀರಿನ ಮೀಟರ್ ಇದ್ದರೆ ಕರೆಂಟಿಗೆ ಮಾಡಿದ ಹಾಗೆಯೇ ಫೋಟೋ, ಲೆಕ್ಕ, ವಾಟ್ಸಾಪ್.

ಗ್ಯಾಸ್: ಸಿಲಿಂಡರ್ ಬೇರೆ, ಪೈಪ್ ಬೇರೆ

ಸಿಲಿಂಡರ್‌ಗೆ ಮಾಮೂಲಾಗಿ ಬಾಕಿ ಬಿಲ್ ಇರುವುದಿಲ್ಲ, ತಂದಾಗಲೇ ದುಡ್ಡು. ಅಲ್ಲಿರುವುದು ನಿಮ್ಮ ಠೇವಣಿ. ಕನೆಕ್ಷನ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಹಾಗಾಗಿ ಇದನ್ನು ಓನರ್‌ಗೆ ಬಿಟ್ಟು ಬರುವ ಹಾಗಿಲ್ಲ. ಅದೇ ಊರಿನಲ್ಲಿ ಬೇರೆ ಏರಿಯಾಕ್ಕೆ ಹೋಗುತ್ತಿದ್ದರೆ ಸಿಲಿಂಡರ್, ರೆಗ್ಯುಲೇಟರ್ ನಿಮ್ಮ ಜೊತೆಗೇ ಬರುತ್ತವೆ. ಏಜೆನ್ಸಿ ಬದಲಾವಣೆಗೆ ಅರ್ಜಿ ಕೊಟ್ಟರೆ ಸಾಕು. ಬೇರೆ ಊರಿಗೆ ಹೋಗುತ್ತಿದ್ದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಹಳೆ ಏಜೆನ್ಸಿಗೆ ವಾಪಸ್ ಕೊಟ್ಟು, ಠೇವಣಿ ಪಡೆದು, ವರ್ಗಾವಣೆಯ ವೋಚರ್ ತೆಗೆದುಕೊಂಡು ಹೋಗಬೇಕು.

ಠೇವಣಿ ಎಷ್ಟು ಸಿಗುತ್ತದೆ? ಎಸ್‌ವಿ ಅಂತ ಕರೆಯುವ ಸಬ್‌ಸ್ಕ್ರಿಪ್ಷನ್ ವೋಚರ್‌ನಲ್ಲಿ ಬರೆದಿರುವಷ್ಟು. 2022ರ ಜೂನ್‌ನಲ್ಲಿ 14.2 ಕೆಜಿ ಸಿಲಿಂಡರ್‌ನ ಠೇವಣಿ 1,450ರಿಂದ 2,200ಕ್ಕೆ ಏರಿತು. ಹಳೆ ಕನೆಕ್ಷನ್‌ನವರಿಗೆ ಹಳೆ ಮೊತ್ತವೇ ವಾಪಸ್. ಆ ಕಾಗದ ಎಲ್ಲಿದೆ ಅಂತ ಪ್ಯಾಕಿಂಗ್ ಶುರುವಾಗುವ ಮುಂಚೆ ಹುಡುಕಿ. ಸಿಲಿಂಡರ್‌ನಲ್ಲಿ ಉಳಿದ ಗ್ಯಾಸ್‌ಗೆ ದುಡ್ಡು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಕೊನೆ ತಿಂಗಳಲ್ಲಿ ಹೊಸ ಬುಕಿಂಗ್ ಮಾಡದೆ ಇರುವುದು ಜಾಣತನ.

ಪೈಪ್ ಗ್ಯಾಸ್ ಹಾಗಲ್ಲ, ಅದು ಮೀಟರ್ ನೋಡಿ ಆಮೇಲೆ ಬಿಲ್ ಕೊಡುವ ಪದ್ಧತಿ. ಬಿಲ್ ಎರಡು ತಿಂಗಳಿಗೊಮ್ಮೆ ಬರುವ ಕಡೆ ಮನೆ ಬಿಟ್ಟು ಎಷ್ಟೋ ದಿನದ ಮೇಲೆ ಕೊನೆ ಬಿಲ್ ಬರುತ್ತದೆ. ಮೊದಲು ಕನೆಕ್ಷನ್ ಯಾರ ಹೆಸರಿನಲ್ಲಿದೆ ಅಂತ ಬಿಲ್ ನೋಡಿ. ಓನರ್ ಹೆಸರಿನಲ್ಲಿದ್ದರೆ ಕರೆಂಟಿನ ಲೆಕ್ಕವೇ: ಫೋಟೋ ತೆಗೆದು ನಿಮ್ಮ ಪಾಲು ಕೊಡಿ. ನಿಮ್ಮ ಹೆಸರಿನಲ್ಲಿದ್ದರೆ ಕಂಪನಿಗೆ ಶಾಶ್ವತ ಡಿಸ್‌ಕನೆಕ್ಷನ್‌ಗೆ ಅರ್ಜಿ ಹಾಕಿ, ಅಥವಾ ಹೆಸರು ಬದಲಾಯಿಸಿಕೊಡಿ. ಸಿಬ್ಬಂದಿಯೇ ಬಂದು ಪೈಪ್ ಮುಚ್ಚಬೇಕು, ನೀವೋ ಪ್ಲಂಬರೋ ಕೈ ಹಾಕಬಾರದು. ಮೀಟರ್ ಓದುವಾಗ ಕೆಂಪು ಬಣ್ಣದ ಅಂಕಿಗಳು ದಶಾಂಶದ ನಂತರದವು. ಅವನ್ನೂ ಸೇರಿಸಿ ಓದಿದರೆ ನಿಮ್ಮ ಬಳಕೆ ಸಾವಿರ ಪಟ್ಟು ಆಗಿಬಿಡುತ್ತದೆ.

ಇಂಟರ್ನೆಟ್: ಪೆಟ್ಟಿಗೆ ಕೊಟ್ಟ ರಸೀದಿ

ನಾಲ್ಕರಲ್ಲಿ ನನ್ನನ್ನು ಜಾಸ್ತಿ ಅಲೆಸಿದ್ದು ಇದೇ. ಇಲ್ಲಿ ಕನೆಕ್ಷನ್ನೂ ನಿಮ್ಮದು, ಮ್ಯಾಂಡೇಟೂ ನಿಮ್ಮದು, ಆದರೆ ಎರಡನ್ನೂ ಬೇರೆ ಬೇರೆ ಮುಚ್ಚಬೇಕು. ಬರೀ ಮ್ಯಾಂಡೇಟ್ ನಿಲ್ಲಿಸಿ ಸುಮ್ಮನಾದರೆ, ಪೋಸ್ಟ್‌ಪೇಯ್ಡ್ ಕನೆಕ್ಷನ್ ಆಗಿದ್ದರೆ ಬಿಲ್ ಬರುತ್ತಲೇ ಇರುತ್ತದೆ. ಕಟ್ಟದಿದ್ದರೆ ಬಾಕಿ, ಆಮೇಲೆ ವಸೂಲಿಯವರ ಫೋನ್. ಬರೀ ಕನೆಕ್ಷನ್ ಮುಚ್ಚಲು ಹೇಳಿ ಮ್ಯಾಂಡೇಟ್ ಹಾಗೇ ಬಿಟ್ಟರೆ, ಅವರ ಕಡೆ ಮುಚ್ಚುವುದು ತಡವಾದರೆ ಮುಂದಿನ ಪ್ಲಾನ್‌ಗೂ ದುಡ್ಡು ಹೋಗುತ್ತದೆ.

ಹಾಗಾಗಿ ಪ್ಲಾನ್ ಯಾವತ್ತು ಮುಗಿಯುತ್ತದೆ ಅಂತ ನೋಡಿ, ಸುಮಾರು 15 ದಿನ ಮುಂಚೆ ಮುಚ್ಚಲು ಕೋರಿಕೆ ಹಾಕಿ. ಫೋನಿನಲ್ಲಿ ಹೇಳಿದ್ದು ಸಾಲದು. ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಹಾಕಿ ಕೋರಿಕೆಯ ನಂಬರ್ ತೆಗೆದುಕೊಳ್ಳಿ. ಆ ನಂಬರ್ ಬಂದ ದಿನವೇ ಮ್ಯಾಂಡೇಟ್ ರದ್ದು ಮಾಡಿ. ಬಾಕಿ ಏನಾದರೂ ಇದ್ದರೆ ಲಿಂಕ್ ಕಳಿಸುತ್ತಾರೆ, ಕೈಯಾರೆ ಕಟ್ಟಿ. ಹೊಸ ಮನೆಗೂ ಅದೇ ಕಂಪನಿ ಬೇಕಾದರೆ ಮುಚ್ಚುವ ಮುಂಚೆ ಶಿಫ್ಟಿಂಗ್ ಸಾಧ್ಯವಾ ಕೇಳಿ. ಆಗುವುದಾದರೆ ಇಷ್ಟೆಲ್ಲಾ ಬೇಡ.

ಇನ್ನು ರೌಟರ್. ಒಂದು ಸಲ ಹುಡುಗನೊಬ್ಬ ಬಂದು ರೌಟರ್ ಬಿಚ್ಚಿಕೊಂಡು ಬ್ಯಾಗಿಗೆ ಹಾಕಿಕೊಂಡು ಹೋದ. ನಾನು ಲಾರಿಯವರ ಜೊತೆ ಜಗಳ ಆಡುತ್ತಿದ್ದೆ, ರಸೀದಿ ಕೇಳಲಿಲ್ಲ. ಎರಡು ತಿಂಗಳ ಮೇಲೆ "ಉಪಕರಣ ವಾಪಸ್ ಬಂದಿಲ್ಲ" ಅಂತ ಠೇವಣಿ ಮುಟ್ಟುಗೋಲು ಹಾಕಿಕೊಂಡರು. ಕೊಟ್ಟೆ ಅನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಏನು ಮಾಡುತ್ತೇನೆ ಅಂದರೆ, ರೌಟರ್ ತಲೆಕೆಳಗೆ ಮಾಡಿ ಸೀರಿಯಲ್ ನಂಬರಿನ ಸ್ಟಿಕರ್ ಫೋಟೋ ತೆಗೆಯುತ್ತೇನೆ. ಅಡಾಪ್ಟರ್ ಸಮೇತ ಇನ್ನೊಂದು ಫೋಟೋ. ಬಂದವರು ತಮ್ಮ ಆ್ಯಪ್‌ನಲ್ಲಿ ಪಡೆದಿದ್ದೇನೆ ಅಂತ ಒತ್ತಿ, ನನಗೆ ಮೆಸೇಜ್ ಬಂದ ಮೇಲೆಯೇ ಪೆಟ್ಟಿಗೆ ಕೈಬಿಡುತ್ತೇನೆ. ಮೆಸೇಜ್ ಬರದಿದ್ದರೆ ಒಂದು ಹಾಳೆಯಲ್ಲಿ ಸೀರಿಯಲ್ ನಂಬರ್, ತಾರೀಕು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಲಾರಿ ಕಾಯಲಿ.

ಹೋದ ಮೇಲೆ ಒಂದು ಸುತ್ತು

ಹೊಸ ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಇದೆಲ್ಲಾ ಮರೆತುಹೋಗಿರುತ್ತದೆ. ಅದಕ್ಕೆ ಎರಡು ತಾರೀಕನ್ನು ಫೋನ್ ಕ್ಯಾಲೆಂಡರ್‌ಗೆ ಹಾಕಿ. ಒಂದು, ಹಳೆ ಮನೆಯ ಮುಂದಿನ ಕರೆಂಟ್ ಬಿಲ್ ಬಂದು ನಾಲ್ಕು ದಿನ ಆದ ಮೇಲೆ. ಆವತ್ತು ಸ್ಟೇಟ್‌ಮೆಂಟ್ ನೋಡಿ, ಮನೆಯವರೆಲ್ಲರದ್ದೂ ನೋಡಿ. ಇನ್ನೊಂದು, ಎರಡು ತಿಂಗಳ ಮೇಲೆ, ಪೈಪ್ ಗ್ಯಾಸ್ ಮತ್ತು ಇಂಟರ್ನೆಟ್ ಠೇವಣಿಗೆ. ಠೇವಣಿ ಬರುವ ಬ್ಯಾಂಕ್ ಖಾತೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ. ಕಂಪನಿಗೆ ಕೊಟ್ಟ ಮೊಬೈಲ್ ನಂಬರ್ ಕೂಡ ಬದಲಾಯಿಸಬೇಡಿ.

ಅಷ್ಟಾದರೂ ಹಳೆ ಮನೆಗೆ ದುಡ್ಡು ಹೋಗಿಬಿಟ್ಟರೆ ಬ್ಯಾಂಕಿಗಿಂತ ಮೊದಲು ಓನರ್‌ಗೆ ಫೋನ್ ಮಾಡಿ. ಬಿಲ್ ಸರಿಯಾದದ್ದೇ, ನಂಬರ್ ಸರಿಯಾದದ್ದೇ, ಮ್ಯಾಂಡೇಟ್‌ಗೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ. ಬ್ಯಾಂಕ್ ವಾಪಸ್ ಕೊಡಿಸುವುದು ಕಷ್ಟ. ನನ್ನ 1,870 ರೂಪಾಯಿ ವಾಪಸ್ ಬಂದದ್ದು ಹಾಗೇ. ಓನರ್ ಆಂಟಿ ಹೊಸಬರ ನಂಬರ್ ಕೊಟ್ಟರು, ರಸೀದಿ ಕಳಿಸಿದೆ. ಅವರು ಅಷ್ಟರಲ್ಲಿ, ಈ ತಿಂಗಳು ಬಿಲ್ ಕಟ್ಟಲು ಹೋದರೆ ಬಾಕಿ ಏನೂ ಇಲ್ಲ ಅಂತ ಯಾಕೆ ತೋರಿಸುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದರಂತೆ. ಸಂಜೆಯೊಳಗೆ ದುಡ್ಡು ಹಾಕಿದರು.